ಆ 0.8 ಬೆಳೆಗಾರ ಎಲ್ಲಿದ್ದಾನೆ? ತರಬೇತಿ ಅಧಿಕಾರಿಗಳಿಗೆ ಬಹಿರಂಗ ಪತ್ರ

ಕೊಡಗಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಉಚಿತ ತರಬೇತಿಯ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ಹಂಚಿದ ಅಭ್ಯಾಸ ಪುಸ್ತಿಕೆಯ ಡೇಟಾ ಇಂಟರ್‌ಪ್ರಿಟೇಷನ್ ಭಾಗದಲ್ಲಿ ಒಂದು ಕೇಸ್‌ಲೆಟ್ ಇದೆ. ಚಿತ್ರವಿಲ್ಲ, ಪಟ್ಟಿಯಿಲ್ಲ, ಅಂಕಿಗಳೆಲ್ಲ ಒಂದೇ ಪ್ಯಾರಾದೊಳಗೆ ಅಡಗಿ ಕೂತಿವೆ. ಅದರ ಸಾರ ಇಷ್ಟು:

"ಒಂದು ಊರಿನಲ್ಲಿ 240 ಕಾಫಿ ಬೆಳೆಗಾರರಿದ್ದಾರೆ. ಅವರಲ್ಲಿ ಶೇ 60 ಮಂದಿ ರೊಬಸ್ಟಾ ಮಾತ್ರ, ಉಳಿದವರು ಅರೇಬಿಕಾ ಮಾತ್ರ ಬೆಳೆಯುತ್ತಾರೆ. ಒಟ್ಟು ಬೆಳೆಗಾರರಲ್ಲಿ ಶೇ 45 ಮಂದಿಯ ತೋಟದಲ್ಲಿ ಕಾಳುಮೆಣಸೂ ಇದೆ. ಅರೇಬಿಕಾದವರಲ್ಲಿ ಮೂರನೇ ಒಂದು ಭಾಗದವರಿಗೆ ಮೆಣಸಿಲ್ಲ. ಮೆಣಸಿಲ್ಲದ ರೊಬಸ್ಟಾ ಬೆಳೆಗಾರರು ಎಷ್ಟು?"

ಪುಸ್ತಿಕೆಯ ಕೊನೆಯಲ್ಲಿ ಕೊಟ್ಟ ಉತ್ತರ 79. ವಿವರಣೆ ಒಂದು ಸಾಲೂ ಇಲ್ಲ. 79 ಬಂದ ದಾರಿ ಮಾತ್ರ ಊಹಿಸಬಹುದು. ಒಟ್ಟು ಬೆಳೆಗಾರರಿಗೆ ಹೇಳಿದ ಶೇ 45ನ್ನು ಯಾರೋ 144 ರೊಬಸ್ಟಾದವರಿಗೆ ಅಂಟಿಸಿದ್ದಾರೆ. 64.8 ಬಂದಿದೆ. ಅದನ್ನು 65 ಮಾಡಿ 144ರಿಂದ ಕಳೆದಿದ್ದಾರೆ. ಆ 0.8 ಬೆಳೆಗಾರ ಯಾವ ತೋಟದಲ್ಲಿದ್ದಾನೆಂದು ತಾವೇ ತಿಳಿಸಬೇಕು. ಜನರ ಲೆಕ್ಕದಲ್ಲಿ ದಶಮಾಂಶ ಬಂತೆಂದರೆ ಶೇಕಡಾವನ್ನು ತಪ್ಪು ಗುಂಪಿಗೆ ಹಾಕಿದ್ದೇವೆಂದು ಅಲ್ಲೇ ಅನುಮಾನ ಬರಬೇಕಿತ್ತು.

ಇದನ್ನು ಬರವಣಿಗೆಯಲ್ಲೇ ತಮ್ಮ ಗಮನಕ್ಕೆ ತರಲಾಗಿತ್ತು. "ಪರಿಶೀಲಿಸಲಾಗುವುದು" ಎಂಬ ಉತ್ತರವೂ ಬಂತು. ಆಮೇಲೆ ಹೊಸ ಮುದ್ರಣ ಬಂತು, ಹೊಸ ಮುಖಪುಟ ಬಂತು, ಗಣ್ಯರ ಭಾವಚಿತ್ರ ಇನ್ನಷ್ಟು ದೊಡ್ಡದಾಯಿತು. ಒಳಗಿನ 79 ಮಾತ್ರ ಜಗ್ಗಲಿಲ್ಲ. ಪರಿಶೀಲನೆ ಎಂದರೆ ತಮ್ಮ ಕಚೇರಿಯಲ್ಲಿ ಇದೇ ಇರಬೇಕು.

ಕೇಳುತ್ತಿರುವುದು ಒಂದೇ: ಕೇಸ್‌ಲೆಟ್‌ನ ಉತ್ತರದ ಜೊತೆಗೆ ಅದನ್ನು ಬಿಡಿಸಿದ ಪಟ್ಟಿಯನ್ನೂ ಅಚ್ಚು ಹಾಕಿಸಿ.

ಅದಕ್ಕೆ ಹೆಚ್ಚು ಜಾಗವೂ ಬೇಡ. ಪ್ಯಾರಾವನ್ನು ಮೊದಲ ಸಲ ಓದುವಾಗ ಲೆಕ್ಕ ಮಾಡಬಾರದು, ಜನರನ್ನು ಯಾವ ಎರಡು ರೀತಿಯಲ್ಲಿ ವಿಂಗಡಿಸಿದ್ದಾರೆ ಎಂದಷ್ಟೇ ನೋಡಬೇಕು. ಇಲ್ಲಿ ಕಾಫಿಯ ತಳಿ ಒಂದು, ಮೆಣಸು ಇದೆಯೋ ಇಲ್ಲವೋ ಎಂಬುದು ಇನ್ನೊಂದು. ತಳಿ ಅಡ್ಡಸಾಲಿಗೆ, ಮೆಣಸು ಕಂಬಸಾಲಿಗೆ, ಎರಡರ ಅಂಚಿಗೂ "ಒಟ್ಟು". ಎರಡನೇ ಓದಿನಲ್ಲಿ ಒಂದೊಂದು ವಾಕ್ಯಕ್ಕೂ ಮನೆ ಹುಡುಕಬೇಕು. ಮೂಲೆಗೆ 240. ಅದರ ಶೇ 60 ಎಂದರೆ ರೊಬಸ್ಟಾ ಸಾಲಿನ ಒಟ್ಟು 144, ಹಾಗಾಗಿ ಅರೇಬಿಕಾ 96. ಶೇ 45 ಇರುವುದು 240ಕ್ಕೆ, ಆದ್ದರಿಂದ 108 ಮೆಣಸಿನ ಸಾಲಿನ ಕೆಳತುದಿಗೇ ಹೋಗಬೇಕು, ರೊಬಸ್ಟಾ ಮನೆಗಲ್ಲ. ಮೂರನೇ ಒಂದು ಭಾಗ 96ಕ್ಕೆ ಸೇರಿದ್ದು, 32. ಉಳಿದದ್ದೆಲ್ಲ ಬರೀ ಕಳೆಯುವ ಲೆಕ್ಕ.

| | ಮೆಣಸು ಇದೆ | ಇಲ್ಲ | ಒಟ್ಟು |
|---|---|---|---|
| ರೊಬಸ್ಟಾ | 44 | 100 | 144 |
| ಅರೇಬಿಕಾ | 64 | 32 | 96 |
| ಒಟ್ಟು | 108 | 132 | 240 |

ಉತ್ತರ 100. ತಮ್ಮ 65ನ್ನು ಇದೇ ಪಟ್ಟಿಯಲ್ಲಿಟ್ಟು ನೋಡಿ: ಕೆಳಗಿನ 64 ಸೇರಿದರೆ 129, ಅಂಚಿನಲ್ಲಿರುವುದು 108. ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಇಂಥ ಪಟ್ಟಿ ತುಂಬಲು ನಾಲ್ಕು ಅಂಕಿ ಸಾಕು: ಮೂಲೆಯ ಒಟ್ಟು, ಒಂದು ಅಡ್ಡಸಾಲಿನದು, ಒಂದು ಕಂಬಸಾಲಿನದು, ಒಳಮನೆಯದು ಒಂದು. ಅರೇಬಿಕಾದ ಆ ವಾಕ್ಯ ಇಲ್ಲದಿದ್ದರೆ ಒಳಗಿನ ನಾಲ್ಕು ಮನೆಗಳಲ್ಲಿ ಒಂದೂ ತುಂಬುತ್ತಿರಲಿಲ್ಲ, ಆಗ "ಮಾಹಿತಿ ಸಾಲದು" ಎಂಬುದೇ ಸರಿಯುತ್ತರ. ಹಾಗೆಂದು ಎಲ್ಲ ಕೇಸ್‌ಲೆಟ್‌ಗೂ ಈ ಪಟ್ಟಿ ಒಗ್ಗುವುದಿಲ್ಲ. ಒಬ್ಬರೇ ಎರಡೂ ತಳಿ ಬೆಳೆಯಬಹುದು ಎಂದಿದ್ದರೆ ರೊಬಸ್ಟಾ, ಅರೇಬಿಕಾ ಸಾಲುಗಳನ್ನು ಕೂಡಿದಾಗ 240 ಮೀರೀತು. ಆಗ ಒಂದನ್ನೊಂದು ಹಾಯುವ ವೆನ್ ಚಿತ್ರದ ವೃತ್ತಗಳನ್ನೇ ಬರೆಯಬೇಕು.

ಅದೇ ಪ್ಯಾರಾದ ಮುಂದಿನ ಪ್ರಶ್ನೆ, ಮೆಣಸು ಇರುವವರಲ್ಲಿ ಅರೇಬಿಕಾದವರು ಶೇ ಎಷ್ಟು ಎಂಬುದು. 64ನ್ನು 108ರಿಂದ ಭಾಗಿಸಬೇಕು, ಸುಮಾರು ಶೇ 59. 96ರಿಂದ ಭಾಗಿಸಿದವರಿಗೆ ಸುಮಾರು 67, 240ರಿಂದ ಭಾಗಿಸಿದವರಿಗೆ ಸುಮಾರು 27. ಮೂರೂ ಆಯ್ಕೆಗಳಲ್ಲಿ ಕಾದು ಕೂತಿರುತ್ತವೆ. ಒಂದೇ ಪ್ಯಾರಾದ ಮೇಲೆ ಹಲವು ಪ್ರಶ್ನೆ ಬರುವುದರಿಂದ ಒಂದು ಮನೆ ತಪ್ಪಿದರೆ ಅದನ್ನು ನಂಬಿದ ಉತ್ತರಗಳೆಲ್ಲ ಕೆಡುತ್ತವೆ, ಬ್ಯಾಂಕ್ ಪರೀಕ್ಷೆಯಲ್ಲಾದರೆ ಪ್ರತಿ ತಪ್ಪಿಗೂ ಕಾಲು ಅಂಕ ಕಡಿತ. ಜಡಿಮಳೆಯಲ್ಲಿ ಭಾಗಮಂಡಲದಿಂದ, ಶನಿವಾರಸಂತೆಯಿಂದ ಬಸ್ಸು ಹಿಡಿದು ಬರುವ ಮಕ್ಕಳು 79 ಬಾರದೇ ಹೋದಾಗ ತಮ್ಮ ಲೆಕ್ಕವೇ ತಪ್ಪೆಂದುಕೊಂಡು ಸರಿಯಾದ 100ನ್ನು ಹೊಡೆದುಹಾಕುತ್ತಿದ್ದಾರೆ. ಇದಕ್ಕೆ ಯಾರು ಹೊಣೆ ಸ್ವಾಮಿ?

ಪಟ್ಟಿಯನ್ನು ಅಚ್ಚು ಹಾಕಿಸಿ. ಹೊಸ ಮುದ್ರಣದವರೆಗೆ ಕಾಯುವುದೂ ಬೇಡ, ಒಂದು ಹಾಳೆಯ ತಿದ್ದೋಲೆ ಸಾಕು. ಅದರಲ್ಲಿ 79ರ ಬದಲು 100 ಎಂದಿರಲಿ, ಕೆಳಗೆ ಪಟ್ಟಿ ಇರಲಿ. ಭಾವಚಿತ್ರ ಇಲ್ಲದಿದ್ದರೂ ನಡೆಯುತ್ತದೆ.

ಇಂತಿ,
ಮಡಿಕೇರಿಯ ಒಬ್ಬ ಗಣಿತ ಶಿಕ್ಷಕ