ಬ್ಯಾಟರಿ ಪಟ್ಟಿಯಲ್ಲಿ ಇನ್ನು ಮುಂದೆ ‘8 ಗಂಟೆ ಬ್ಯಾಕಪ್’ ಎಂದು ಬರೆಯುವುದಿಲ್ಲ

ಗ್ರಾಹಕರಿಗೆ ನಮಸ್ಕಾರ,

ನಮ್ಮ ಅಂಗಡಿಯ ಇನ್ವರ್ಟರ್ ಬ್ಯಾಟರಿ ಪಟ್ಟಿಯನ್ನು ಈ ತಿಂಗಳಿನಿಂದ ಬೇರೆ ರೀತಿ ಬರೆಯುತ್ತಿದ್ದೇವೆ. ಹೊಸ ಬ್ಯಾಟರಿಗೂ ಇದೇ ರೀತಿ, ಬಳಸಿದ ಬ್ಯಾಟರಿಗೂ ಇದೇ ರೀತಿ. ಯಾಕೆ ಬದಲಾಯಿಸಿದೆವು ಎಂದು ನಿಮಗೆ ಹೇಳಬೇಕು. ತಪ್ಪು ನಮ್ಮದೇ ಆಗಿತ್ತು.

ಕಳೆದ ಮಳೆಗಾಲಕ್ಕೆ ಮುಂಚೆ ಗುತ್ತಲು ಕಡೆಯ ಒಬ್ಬ ಅಮ್ಮನವರು ನಮ್ಮಲ್ಲಿ ಬಳಸಿದ 150 ಎಎಚ್ ಟ್ಯೂಬುಲರ್ ಬ್ಯಾಟರಿ ತೆಗೆದುಕೊಂಡರು. ಪಟ್ಟಿಯಲ್ಲಿ ‘150 ಎಎಚ್, 8 ಗಂಟೆ ಬ್ಯಾಕಪ್, ಒಳ್ಳೆ ಕಂಡೀಷನ್’ ಎಂದು ಬರೆದಿದ್ದೆವು. ಒಂದು ದಿನ ಗಾಳಿ ಮಳೆಗೆ ರಾತ್ರಿ ಎಂಟೂವರೆಗೆ ಕರೆಂಟ್ ಹೋಯಿತು. ಹನ್ನೊಂದಕ್ಕೆ ಇನ್ವರ್ಟರ್ ಕೂಗಿ ನಿಂತುಹೋಯಿತು. ಎರಡೂವರೆ ಗಂಟೆ ಅಷ್ಟೇ. ಮನೆಯಲ್ಲಿ ಹುಷಾರಿಲ್ಲದ ಯಜಮಾನರು ಬೆಳಗಿನವರೆಗೂ ಫ್ಯಾನ್ ಇಲ್ಲದೆ ಕಳೆದರಂತೆ. ಮಾರನೇ ದಿನ ಅಮ್ಮನವರು ಅಂಗಡಿಗೆ ಬಂದು ಕೇಳಿದ್ದು ಒಂದೇ ಮಾತು: “ಎಂಟು ಗಂಟೆ ಅಂತ ಬರೆದಿದ್ರಲ್ಲಪ್ಪ, ಅದು ಯಾರ ಮನೆ ಲೆಕ್ಕ?”

ಆ ಲೆಕ್ಕ ಯಾರ ಮನೆಯದೂ ಅಲ್ಲ. 150 ಎಎಚ್ ಅನ್ನು 12 ವೋಲ್ಟ್‌ನಿಂದ ಗುಣಿಸಿದರೆ 1800 ಬರುತ್ತದೆ. ಅದನ್ನು ಒಂದು ಅಂದಾಜು ಲೋಡಿನಿಂದ ಭಾಗಿಸಿ ಎಂಟು ಎಂದು ಬರೆಯುತ್ತಿದ್ದೆವು. ಇದರಲ್ಲಿ ಎರಡು ವಿಷಯ ಬಿಟ್ಟುಹೋಗುತ್ತವೆ. ಮೊದಲನೆಯದು ಇನ್ವರ್ಟರ್. ಬ್ಯಾಟರಿಯ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟ್ ಮಾಡುವಾಗ ಸುಮಾರು ಐದನೇ ಒಂದು ಭಾಗ ಅದರಲ್ಲೇ ಕಳೆದುಹೋಗುತ್ತದೆ. ಎರಡನೆಯದು ಬ್ಯಾಟರಿಯ ಸ್ವಭಾವ. ಅದರ ಮೇಲೆ ಬರೆದ 150 ಎಎಚ್ ಎಂಬುದು ಇಪ್ಪತ್ತು ಗಂಟೆಯ ಲೆಕ್ಕ. ಅಂದರೆ ಇಪ್ಪತ್ತು ಗಂಟೆ ಏಳೂವರೆ ಆಂಪಿಯರ್‌ನಂತೆ ನಿಧಾನವಾಗಿ ಎಳೆದರೆ ಮಾತ್ರ ಪೂರ್ತಿ 150 ಸಿಗುತ್ತದೆ. ನಾಲ್ಕೈದು ಗಂಟೆಯಲ್ಲೇ ಖಾಲಿಯಾಗುವಷ್ಟು ಜೋರಾಗಿ ಎಳೆದರೆ ಅದೇ ಬ್ಯಾಟರಿ ಸುಮಾರು 120 ಕೊಡುತ್ತದೆ. ಹೊಸದಾದರೂ ಅಷ್ಟೇ.

ಅಮ್ಮನವರ ಮನೆಯ ಲೋಡನ್ನೇ ತೆಗೆದುಕೊಳ್ಳಿ. ಎರಡು ಹಳೆ ಮಾದರಿ ಸೀಲಿಂಗ್ ಫ್ಯಾನ್, ಒಂದೊಂದು 75 ವ್ಯಾಟ್. ಮೂರು ಎಲ್ಇಡಿ ಟ್ಯೂಬ್‌ಲೈಟ್, ಸೇರಿ 60. ಟಿವಿ 50. ವೈಫೈ ಡಬ್ಬಿ 10. ಒಟ್ಟು 270 ವ್ಯಾಟ್. ಇನ್ವರ್ಟರ್ ನಷ್ಟ ಸೇರಿಸಿದರೆ ಬ್ಯಾಟರಿಯಿಂದ ಸುಮಾರು 28 ಆಂಪಿಯರ್ ಹೋಗುತ್ತಿರುತ್ತದೆ. 120ನ್ನು 28ರಿಂದ ಭಾಗಿಸಿ ನೋಡಿ. ಹೊಸ ಬ್ಯಾಟರಿ ಇದ್ದರೂ ನಾಲ್ಕು ಗಂಟೆ ಚಿಲ್ಲರೆ. ಎಂಟು ಗಂಟೆ ಆ ಮನೆಯಲ್ಲಿ ಬರಲು ಸಾಧ್ಯವೇ ಇರಲಿಲ್ಲ.

ನಾಲ್ಕು ಬರಬೇಕಾದ ಕಡೆ ಎರಡೂವರೆ ಯಾಕೆ ಬಂತು? ಆ ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು. ವಾಪಸ್ ತರಿಸಿ ಪೂರ್ತಿ ಚಾರ್ಜ್ ಮಾಡಿ, ಹೈಡ್ರೋಮೀಟರ್ ಹಾಕಿ ಆರೂ ಸೆಲ್ ನೋಡಿದೆವು. ಐದರಲ್ಲಿ ಗ್ರಾವಿಟಿ, ಅಂದರೆ ಆಸಿಡ್‌ನ ಸಾಂದ್ರತೆ, 1235ರ ಹತ್ತಿರ ಇತ್ತು. ಒಂದರಲ್ಲಿ ಮಾತ್ರ 1180. ಟ್ಯೂಬುಲರ್ ಬ್ಯಾಟರಿ ತುಂಬಿದಾಗ ಎಲ್ಲ ಸೆಲ್‌ಗಳೂ 1240ರ ಆಸುಪಾಸು ಇರಬೇಕು. ಸೆಲ್‌ನಿಂದ ಸೆಲ್‌ಗೆ 30 ಪಾಯಿಂಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಡಿಮೆ ಇರುವ ಸೆಲ್ ಸೋತಿದೆ ಎಂದೇ ಅರ್ಥ. ಆರು ಸೆಲ್‌ಗಳೂ ಸಾಲಾಗಿ ಜೋಡಿಸಿರುವುದರಿಂದ, ಸೋತ ಸೆಲ್ ಬೇಗ ಖಾಲಿಯಾಗಿ ಇಡೀ ಬ್ಯಾಟರಿಯ ವೋಲ್ಟೇಜನ್ನು ಕೆಳಗೆ ಎಳೆಯುತ್ತದೆ. ವೋಲ್ಟೇಜ್ ಹತ್ತೂವರೆಗೆ ಬಂದರೆ ಇನ್ವರ್ಟರ್ ಕಟ್ ಆಗುತ್ತದೆ. ಉಳಿದ ಐದು ಸೆಲ್‌ಗಳಲ್ಲಿ ಇನ್ನೂ ಚಾರ್ಜ್ ಇದ್ದರೂ ಪ್ರಯೋಜನವಿಲ್ಲ.

ಮಾರುವ ಮುಂಚೆ ನಾವು ನೋಡಿದ್ದು ವೋಲ್ಟ್ ಮೀಟರ್ ಮಾತ್ರ. ಲೋಡ್ ಇಲ್ಲದಾಗ ಅದು 12.4 ತೋರಿಸಿತ್ತು. ಚೆನ್ನಾಗಿದೆ ಅಂದುಕೊಂಡೆವು. ಇಷ್ಟು ವರ್ಷ ಈ ಕೆಲಸ ಮಾಡಿ ಆ ಒಂದು ಅಂಕಿಯನ್ನು ನಂಬಬಾರದಿತ್ತು. ಅವರಿಗೆ ಬೇರೆ ಬ್ಯಾಟರಿ ಕೊಟ್ಟೆವು. ಕ್ಷಮೆಯನ್ನೂ ಕೇಳಿದೆವು.

ಈಗ ಬಳಸಿದ ಪ್ರತಿ ಬ್ಯಾಟರಿಯನ್ನೂ ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಸುಮ್ನೆ ಬಿಡುತ್ತೇವೆ. ಬೆಳಿಗ್ಗೆ ಆರೂ ಸೆಲ್‌ಗಳ ಗ್ರಾವಿಟಿ ಬರೆದುಕೊಳ್ಳುತ್ತೇವೆ. ಆಮೇಲೆ 60 ವ್ಯಾಟಿನ ನಾಲ್ಕು ಹಳೆ ಬುರುಡೆ ಬಲ್ಬ್ ಉರಿಸಿ, ಹತ್ತೂವರೆ ವೋಲ್ಟ್‌ಗೆ ಇಳಿಯಲು ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡುತ್ತೇವೆ. ಮತ್ತೆ ತಕ್ಷಣ ಚಾರ್ಜ್‌ಗೆ ಹಾಕುತ್ತೇವೆ, ಯಾಕೆಂದರೆ ಖಾಲಿ ಬ್ಯಾಟರಿ ಹಾಗೇ ನಿಂತರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಒಂದು ಬ್ಯಾಟರಿಗೆ ಎರಡು ದಿನ ಹಿಡಿಯುತ್ತದೆ. ಹಾಗಾಗಿ ಪಟ್ಟಿಯಲ್ಲಿ ಮೊದಲಿಗಿಂತ ಕಡಿಮೆ ಬ್ಯಾಟರಿ ಕಾಣುತ್ತವೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಪಟ್ಟಿಯ ಒಂದು ಸಾಲು ಇನ್ನು ಹೀಗಿರುತ್ತದೆ:

“150 ಎಎಚ್ ಟ್ಯೂಬುಲರ್, ಬಳಸಿದ್ದು. ತಯಾರಾಗಿ 3 ವರ್ಷ 2 ತಿಂಗಳು. ಈಗಿನ ಶಕ್ತಿ ಹೊಸದರ ಮುಕ್ಕಾಲು ಭಾಗ. ಸಂಜೆ ಲೋಡ್ 3 ಗಂಟೆ, ರಾತ್ರಿ ಲೋಡ್ 9 ಗಂಟೆ. ಕಂಪನಿ ವಾರಂಟಿ ಇಲ್ಲ, ಅಂಗಡಿ ಗ್ಯಾರಂಟಿ 3 ತಿಂಗಳು.”

ಸಂಜೆ ಲೋಡ್ ಎಂದರೆ ಮೇಲೆ ಹೇಳಿದ 270 ವ್ಯಾಟ್. ರಾತ್ರಿ ಲೋಡ್ ಎಂದರೆ ಒಂದು ಫ್ಯಾನ್, ಒಂದು ಸಣ್ಣ ಬಲ್ಬ್, ವೈಫೈ, ಸೇರಿ 95 ವ್ಯಾಟ್ ಹತ್ತಿರ. ಫ್ರಿಜ್ ಮತ್ತು ಮಿಕ್ಸಿಗೆ ಗಂಟೆ ಬರೆಯುವುದಿಲ್ಲ. ಅವು ಶುರುವಾಗುವಾಗ ಎಳೆಯುವ ಕರೆಂಟ್ ತುಂಬಾ ಜಾಸ್ತಿ. ಒಂದು ಬ್ಯಾಟರಿಯ ಇನ್ವರ್ಟರ್‌ಗೆ ಅವನ್ನು ಹಾಕದಿರುವುದೇ ಒಳ್ಳೆಯದು. ಗಂಟೆ ಸಾಲದು ಅನ್ನಿಸಿದರೆ ದೊಡ್ಡ ಬ್ಯಾಟರಿ ಕೇಳುವ ಮುಂಚೆ ಫ್ಯಾನ್ ನೋಡಿ. ಎರಡು ಹಳೆ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಅದೇ ಸಂಜೆ ಲೋಡ್ 180ಕ್ಕೆ ಇಳಿಯುತ್ತದೆ. ಹೊಸ 150 ಎಎಚ್ ಬ್ಯಾಟರಿ ಆಗ ಆರು ಗಂಟೆ ದಾಟುತ್ತದೆ.

ವಯಸ್ಸನ್ನು ತಯಾರಾದ ತಿಂಗಳಿಂದ ಎಣಿಸುತ್ತೇವೆ, ಮಾರಿದ ದಿನದಿಂದ ಅಲ್ಲ. ಚಾರ್ಜ್ ಇಲ್ಲದೆ ಆರೇಳು ತಿಂಗಳು ಗೋಡೌನ್‌ನಲ್ಲಿ ಕೂತ ಬ್ಯಾಟರಿ ಹೊಸದಾದರೂ ಸ್ವಲ್ಪ ಸವೆದಿರುತ್ತದೆ.

ವಾರಂಟಿ ವಿಷಯದಲ್ಲಿ ಜಗಳ ಆಗುವುದು ‘36+18’ ಎಂಬ ಬರಹದಿಂದ. ಜನ ಅದನ್ನು 54 ತಿಂಗಳು ಎಂದು ಓದುತ್ತಾರೆ. ಮೊದಲ 36 ತಿಂಗಳಲ್ಲಿ ಕೆಟ್ಟರೆ ಬೇರೆ ಬ್ಯಾಟರಿ ಪೂರ್ತಿ ಉಚಿತ. ಆಮೇಲಿನ 18 ತಿಂಗಳಲ್ಲಿ ಕೆಟ್ಟರೆ ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ, ಉಳಿದ ದುಡ್ಡು ನೀವೇ ಕೊಡಬೇಕು. ಬದಲಿಗೆ ಬಂದ ಬ್ಯಾಟರಿಗೂ ಸಾಮಾನ್ಯವಾಗಿ ಹಳೆ ವಾರಂಟಿಯ ಉಳಿದ ತಿಂಗಳುಗಳೇ ಸಿಗುತ್ತವೆ, ಹೊಸ 36 ಶುರುವಾಗುವುದಿಲ್ಲ. ಇನ್ನು ಮುಂದೆ ಹೊಸ ಬ್ಯಾಟರಿಯ ಬಿಲ್ಲಿನಲ್ಲಿ ಈ ಎರಡೂ ಅವಧಿ ಮುಗಿಯುವ ತಾರೀಕುಗಳನ್ನು ಬೇರೆ ಬೇರೆ ಬರೆದು ಕೊಡುತ್ತೇವೆ. ಬಳಸಿದ ಬ್ಯಾಟರಿಗೆ ಕಂಪನಿ ವಾರಂಟಿ ಇದೆ ಎಂದು ನಾವು ಹೇಳುವುದಿಲ್ಲ, ಬಹಳಷ್ಟು ಕಾರ್ಡ್‌ಗಳು ಅದನ್ನು ಮೊದಲು ಕೊಂಡವರಿಗೆ ಮಾತ್ರ ಕೊಡುತ್ತವೆ. ಅದರ ಬದಲು ನಮ್ಮ ಮಾತು ಇದು: ಮೂರು ತಿಂಗಳೊಳಗೆ ನಾವು ಬರೆದ ಗಂಟೆಗಿಂತ ಕಾಲು ಭಾಗ ಕಡಿಮೆಯಾದರೆ, ಬದಲಾಯಿಸಿ ಕೊಡುತ್ತೇವೆ ಅಥವಾ ದುಡ್ಡು ವಾಪಸ್ ಕೊಡುತ್ತೇವೆ.

ಕಳೆದ ಒಂದು ವರ್ಷದಲ್ಲಿ ನಮ್ಮಲ್ಲಿ ಬಳಸಿದ ಬ್ಯಾಟರಿ ತೆಗೆದುಕೊಂಡವರು ಬಿಲ್ ನಂಬರ್ ತಿಳಿಸಿ. ಹೈಡ್ರೋಮೀಟರ್ ಹಿಡಿದು ನಾವೇ ಮನೆಗೆ ಬಂದು ನೋಡುತ್ತೇವೆ, ಅದಕ್ಕೆ ದುಡ್ಡಿಲ್ಲ. ನಾವು ಬರುವ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಆಗಿರಲಿ, ಅಂದು ಡಿಸ್ಟಿಲ್ಡ್ ವಾಟರ್ ಹಾಕಬೇಡಿ. ಆಗ ತಾನೇ ನೀರು ಹಾಕಿದರೆ ಗ್ರಾವಿಟಿ ತಪ್ಪು ತೋರಿಸುತ್ತದೆ. ಬ್ಯಾಟರಿಯನ್ನು ನೀವೇ ಗಾಡಿಯಲ್ಲಿ ಮಲಗಿಸಿ ತರಬೇಡಿ, ಆಸಿಡ್ ಚೆಲ್ಲುತ್ತದೆ.

ಇಂತಿ,
ನಿಮ್ಮ ಬ್ಯಾಟರಿ ಅಂಗಡಿಯವರು, ಮಂಡ್ಯ