ಅಂಗಡಿ ಮುಚ್ಚುವವರು ಮೊದಲು ಸ್ಟಾಕ್ ಮಾರಲಿ, ಆಮೇಲೆ ಜಿಎಸ್‌ಟಿ ರದ್ದತಿಗೆ ಅರ್ಜಿ ಹಾಕಲಿ

ಸಂಪಾದಕರಿಗೆ,

ಮಾನ್ಯರೇ,

ನಾನು ಉಡುಪಿಯಲ್ಲಿ ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆಯುವವನು. ಮಕ್ಕಳು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ನಡೆಸಲು ಜನ ಇಲ್ಲದೆ ಹಳೆಯ ಅಂಗಡಿಗಳನ್ನು ಮುಚ್ಚುವವರು ನನ್ನ ಬಳಿ ಬರುತ್ತಾರೆ. ಬಾಡಿಗೆ, ಕರೆಂಟ್ ಬಿಲ್, ಲೈಸೆನ್ಸ್ ಎಲ್ಲವನ್ನೂ ಸರಿಯಾಗಿ ಮುಗಿಸುತ್ತಾರೆ. ಜಿಎಸ್‌ಟಿ ವಿಷಯದಲ್ಲಿ ಮಾತ್ರ ತುಂಬಾ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಅದು ತಪ್ಪಿಸಬಹುದಾದ ನಷ್ಟ. ಅದಕ್ಕಾಗಿ ಈ ಪತ್ರ.

ಅಂಗಡಿಗೆ ಮಾಲು ತರುವಾಗ ನಾವು ಕೊಟ್ಟ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಂಡಿರುತ್ತೇವೆ. ಆ ಮಾಲು ಮಾರಾಟವಾಗಿ ಅದರ ಮೇಲೆ ತೆರಿಗೆ ಸರ್ಕಾರಕ್ಕೆ ಹೋಗುತ್ತದೆ ಎಂಬ ಲೆಕ್ಕದಲ್ಲಿ ಕೊಟ್ಟ ಕ್ರೆಡಿಟ್ ಅದು. ಮಾಲು ಉಳಿದಿರುವಾಗಲೇ ನೋಂದಣಿ ರದ್ದಾದರೆ ಆ ಕ್ರೆಡಿಟ್ ವಾಪಸ್ ಕಟ್ಟಬೇಕು. ಕಾಯ್ದೆಯ 29(5)ನೇ ಕಲಂ ಹೇಳುವುದು ಇದನ್ನೇ. ರದ್ದಾಗುವ ದಿನದ ಹಿಂದಿನ ದಿನ ಅಂಗಡಿಯಲ್ಲಿದ್ದ ಸ್ಟಾಕ್ ಮೇಲೆ ತೆಗೆದುಕೊಂಡ ಕ್ರೆಡಿಟ್ ಎಷ್ಟು, ಅದೇ ಮಾಲನ್ನು ಈಗ ಮಾರಿದರೆ ಬರುವ ತೆರಿಗೆ ಎಷ್ಟು ಎಂದು ನೋಡಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕಟ್ಟಬೇಕು.

ಈ ‘ಯಾವುದು ಜಾಸ್ತಿಯೋ ಅದು’ ಎಂಬುದು ಈಗ ಹಳೇ ಸ್ಟಾಕ್ ಇರುವವರಿಗೆ ದೊಡ್ಡ ಹೊಡೆತ. ನನಗೆ ಪರಿಚಯದ ಒಂದು ಸ್ಟೀಲ್ ಪಾತ್ರೆ ಅಂಗಡಿಯ ಲೆಕ್ಕ ಹೇಳುತ್ತೇನೆ. ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ಪಾತ್ರೆಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತಲ್ಲ, ಅದಕ್ಕಿಂತ ಮೊದಲು ತಂದ ಮಾಲು ಒಂದು ಲಕ್ಷ ರೂಪಾಯಿಯದ್ದು ಉಳಿದಿತ್ತು. ಅದರ ಕ್ರೆಡಿಟ್ 12,000 ರೂ. ಹಳೇ ಮಾದರಿಯ ಮಾಲು, ಹೆಚ್ಚೆಂದರೆ 90,000ಕ್ಕೆ ಹೋದೀತು. ಈಗಿನ ದರದಲ್ಲಿ ಅದರ ತೆರಿಗೆ 4,500 ರೂ. ಮಾತ್ರ. ಆಮೇಲೆ ತಂದ ಮಾಲು 40,000 ರೂಪಾಯಿಯದ್ದು, ಕ್ರೆಡಿಟ್ 2,000 ರೂ. ಅದಕ್ಕೆ 46,000 ಬೆಲೆ ಬರಬಹುದು, ತೆರಿಗೆ 2,300 ರೂ. ಒಟ್ಟು ಕ್ರೆಡಿಟ್ 14,000, ಮಾರಿದರೆ ಬರುವ ತೆರಿಗೆ 6,800. ಕಟ್ಟಬೇಕಾದದ್ದು 14,000.

ಬಿಲ್ಲಿಂಗ್ ಕಂಪ್ಯೂಟರನ್ನೂ ಬಿಡುವ ಹಾಗಿಲ್ಲ. ಅದನ್ನು ತರುವಾಗ 10,800 ರೂ. ಕ್ರೆಡಿಟ್ ತೆಗೆದುಕೊಂಡಿದ್ದರು. ಇಂಥ ವಸ್ತುಗಳಿಗೆ ಆಯುಷ್ಯ 60 ತಿಂಗಳು ಎಂದು ಹಿಡಿಯುತ್ತಾರೆ. 40 ತಿಂಗಳು ಬಳಸಿಯಾಗಿತ್ತು, ಉಳಿದದ್ದು 20. ಹಾಗಾಗಿ 10,800ರ ಮೂರನೇ ಒಂದು ಪಾಲು, ಅಂದರೆ 3,600 ರೂ. ವಾಪಸ್. ಒಟ್ಟು 17,600 ಆಯಿತು. ಕ್ರೆಡಿಟ್ ಲೆಡ್ಜರ್‌ನಲ್ಲಿ 9,000 ಇತ್ತು. ಉಳಿದ 8,600 ರೂಪಾಯಿಯನ್ನು ಕೈಯಿಂದ ಕಟ್ಟಿದರು.

‘ಅಂಗಡಿಯೇ ಬಂದ್ ಆಯ್ತಲ್ಲ ಮಾರ್ರೆ, ಇನ್ನೆಂಥ ತೆರಿಗೆ?’ ಎಂದು ಅವರು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಅದೇ ಮಾಲನ್ನು ಅರ್ಜಿ ಹಾಕುವ ಮೊದಲೇ ಪೇಟೆಯ ಇನ್ನೊಂದು ಪಾತ್ರೆ ಅಂಗಡಿಗೆ ಜಿಎಸ್‌ಟಿ ಬಿಲ್ ಹಾಕಿ ಮಾರಿದ್ದರೆ? ತೆರಿಗೆ 6,800 ಮಾತ್ರ. ಅದು ಕೂಡ ತಗೊಂಡವರೇ ಕೊಡುವ ದುಡ್ಡು, ಅವರಿಗೆ ಅದು ಕ್ರೆಡಿಟ್ ಆಗಿ ಸಿಗುತ್ತದೆ. ಶೇ 12ರಲ್ಲಿ ತಂದು ಶೇ 5ರಲ್ಲಿ ಮಾರಿದರೂ ಮಾರಿದ ಮಾಲಿನ ಕ್ರೆಡಿಟ್ ವಾಪಸ್ ಕೊಡಬೇಕಾಗಿಲ್ಲ. 9,000ದಲ್ಲಿ 6,800 ಹೋಗಿ ಉಳಿದ 2,200 ಕಂಪ್ಯೂಟರ್ ಬಾಬ್ತಿಗೆ ಸೇರುತ್ತಿತ್ತು. ಕೈಯಿಂದ ಕಟ್ಟುವುದು 1,400 ರೂ. ಮಾತ್ರ ಆಗುತ್ತಿತ್ತು.

ಆದರೆ ಇದಕ್ಕೆ ಸಮಯ ಮೀರಬಾರದು. ರದ್ದತಿಗೆ REG-16 ಅರ್ಜಿ ಹಾಕಿದ ದಿನ ಅಥವಾ ಯಾವ ದಿನದಿಂದ ರದ್ದಾಗಬೇಕೆಂದು ಬರೆದಿದ್ದೇವೋ ಆ ದಿನ, ಎರಡರಲ್ಲಿ ತಡವಾದದ್ದರಿಂದ ನೋಂದಣಿ ಅಮಾನತಿನಲ್ಲಿರುತ್ತದೆ. ಆಮೇಲೆ ತೆರಿಗೆ ಹಾಕಿ ಬಿಲ್ ಕೊಡುವ ಹಾಗಿಲ್ಲ. ಹಾಗಾಗಿ ಮೊದಲು ಮಾಲು ಖಾಲಿ ಮಾಡಿ, ನಂತರ ವ್ಯಾಪಾರ ನಿಲ್ಲಿಸಿ, ನಿಲ್ಲಿಸಿದ 30 ದಿನದೊಳಗೆ ಅರ್ಜಿ ಹಾಕುವುದು ಒಳ್ಳೆಯದು. ಮಾರಾಟ ನಿಜವಾದ್ದೇ ಆಗಿರಬೇಕು. ಮಾಲು ಅಂಗಡಿಯಲ್ಲೇ ಇಟ್ಟು ಭಾವನ ಹೆಸರಿಗೆ ಕಾಗದದಲ್ಲಿ ಬಿಲ್ ಹಾಕುವುದು ಬೇಡ. ಇಡೀ ವ್ಯಾಪಾರವನ್ನೇ ಮಗನೋ ಇನ್ನೊಬ್ಬರೋ ಮುಂದುವರಿಸುವುದಾದರೆ ದಾರಿ ಬೇರೆ. ಅವರು ನೋಂದಣಿ ಮಾಡಿಸಿಕೊಂಡರೆ ITC-02 ಮೂಲಕ ಉಳಿದ ಕ್ರೆಡಿಟ್ ಅವರ ಹೆಸರಿಗೆ ಹೋಗುತ್ತದೆ.

ಎರಡನೇ ತೊಂದರೆ ರದ್ದತಿ ಆದೇಶ ಬಂದ ಮೇಲಿನದ್ದು. ಆದೇಶ ಕೈಗೆ ಬಂದರೆ ಎಲ್ಲ ಮುಗಿಯಿತು ಎಂದೇ ಜನ ತಿಳಿಯುತ್ತಾರೆ. ಮುಗಿದಿರುವುದಿಲ್ಲ. ಅಂತಿಮ ರಿಟರ್ನ್, ಅಂದರೆ GSTR-10, ಬಾಕಿ ಇರುತ್ತದೆ. ರದ್ದಾದ ದಿನ ಅಥವಾ ಆದೇಶದ ದಿನ, ಯಾವುದು ತಡವೋ ಅಲ್ಲಿಂದ ಮೂರು ತಿಂಗಳೊಳಗೆ ಸಲ್ಲಿಸಬೇಕು. ಪೋರ್ಟಲ್‌ನಲ್ಲಿ Services, Returns, Final Return ಎಂದು ಹೋದರೆ ಸಿಗುತ್ತದೆ. ಸ್ಟಾಕ್ ಮೇಲಿನ ತೆರಿಗೆಯನ್ನು ಅರ್ಜಿ ಹಾಕುವಾಗಲೇ ಕಟ್ಟಬೇಕೆಂದಿಲ್ಲ, ಈ ರಿಟರ್ನ್ ಜೊತೆಗೂ ಕಟ್ಟಬಹುದು. ಕಾಂಪೊಸಿಷನ್‌ನಲ್ಲಿ ಇದ್ದವರಿಗೆ GSTR-10 ಇಲ್ಲ.

ತಡವಾದರೆ ಕೇಂದ್ರ, ರಾಜ್ಯ ಸೇರಿ ದಿನಕ್ಕೆ 200 ರೂ. ದಂಡ, ಹತ್ತು ಸಾವಿರದವರೆಗೆ. ನೋಟಿಸ್ ಬಂದ 15 ದಿನದೊಳಗೆ ಸಲ್ಲಿಸದಿದ್ದರೆ ಅಧಿಕಾರಿಯೇ ತಮಗೆ ತೋಚಿದಂತೆ ತೆರಿಗೆ ನಿಗದಿ ಮಾಡಬಹುದು. ಎಷ್ಟೋ ಜನರ ನೋಂದಣಿಯಲ್ಲಿರುವ ಮೊಬೈಲ್, ಇಮೇಲ್ ಲೆಕ್ಕ ಬರೆಯುವವರದ್ದು. ಅಂಗಡಿ ಮುಚ್ಚಿದ ಮೇಲೆ ಆ ಸಂಬಂಧ ಮುಗಿದಿರುತ್ತದೆ, ನೋಟಿಸ್ ಬಂದದ್ದೇ ಗೊತ್ತಾಗುವುದಿಲ್ಲ. ಅರ್ಜಿ ಹಾಕುವ ಮೊದಲು ಸ್ವಂತ ನಂಬರಿಗೆ ಬದಲಾಯಿಸಿಕೊಳ್ಳಿ.

ಇನ್ನು ಕೆಲವರು ಬೇಗ ಮುಗಿಯಲಿ ಎಂದು GSTR-10ರಲ್ಲಿ ಸುಮ್ನೆ ‘ನಿಲ್’ ಹಾಕಿಬಿಡುತ್ತಾರೆ. ಒಮ್ಮೆ ಸಲ್ಲಿಸಿದರೆ ತಿದ್ದಲು ಬರುವುದಿಲ್ಲ. ಆದಾಯ ತೆರಿಗೆಗೆ ಕೊಟ್ಟ ಲೆಕ್ಕದಲ್ಲಿ ಮಾರ್ಚ್ 31ರ ಸ್ಟಾಕ್ ಇರುತ್ತದೆ, ಅಲ್ವಾ? ಎರಡಕ್ಕೂ ತಾಳೆಯಾಗಬೇಕು. ಖರೀದಿ ಬಿಲ್‌ಗಳನ್ನು ಗುಜರಿಗೆ ಹಾಕಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಸರಿಗೆಗೆ ಚುಚ್ಚಿಟ್ಟ ಬಿಲ್‌ಗಳು ತೇವ ಹಿಡಿದು ಒಂದಕ್ಕೊಂದು ಅಂಟಿಕೊಂಡಿರುವುದನ್ನು ನಾನು ಎಷ್ಟೋ ಸಲ ಬಿಡಿಸಿದ್ದೇನೆ. ಬಿಲ್ ಇಲ್ಲದಿದ್ದರೆ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ ಹಾಕಿ, ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದಕ್ಕೆ ಬೇರೆ ಖರ್ಚು.

ನನ್ನ ಮನವಿ ಎರಡು. ರದ್ದತಿ ಆದೇಶದಲ್ಲೇ ‘ನೀವು ಇಂಥ ತಾರೀಕಿನೊಳಗೆ GSTR-10 ಸಲ್ಲಿಸಬೇಕು’ ಎಂದು ಕನ್ನಡದಲ್ಲಿ, ತಾರೀಕು ಸಮೇತ ದೊಡ್ಡಕ್ಷರದಲ್ಲಿ ಬರೆಯುವ ವ್ಯವಸ್ಥೆಯನ್ನು ಇಲಾಖೆ ಮಾಡಲಿ. ಮಂಗಳೂರು, ಉಡುಪಿಯ ವರ್ತಕರ ಸಂಘಗಳು ಹೊಸ ವರ್ಷದ ಲೆಕ್ಕ ಶುರುವಾಗುವ ಮೊದಲು, ಫೆಬ್ರವರಿಯಲ್ಲೇ, ಅಂಗಡಿ ಮುಚ್ಚಬೇಕೆಂದಿರುವ ಸದಸ್ಯರನ್ನು ಕರೆದು ಸ್ಟಾಕ್ ಲೆಕ್ಕ ನೋಡಲಿ. ಆಗ ಮಾಲು ಮಾರಲು ಇನ್ನೂ ಒಂದು ತಿಂಗಳು ಕೈಯಲ್ಲಿರುತ್ತದೆ.

– ಒಬ್ಬ ಲೆಕ್ಕ ಬರಹಗಾರ, ಉಡುಪಿ