ತೊಡದೇವು ವಿಡಿಯೊಗೆ ಕತ್ತರಿ ಹಾಕುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ತೆಗೆದ ತೊಡದೇವು ವಿಡಿಯೊವನ್ನು ಜನ ಎಲ್ಲಿಯವರೆಗೆ ನೋಡಿದ್ದಾರೆ ಎಂಬ ಗ್ರಾಫ್ ನೋಡಿದೆ. ಮೊದಲ 30 ಸೆಕೆಂಡಿನಲ್ಲೇ ಗೆರೆ ಶೇ 48ಕ್ಕೆ ಕುಸಿದಿದೆ. ಅಲ್ಲಿರುವುದು ಡ್ರೋನ್‌ನಿಂದ ತೆಗೆದ ಅಡಿಕೆ ತೋಟ. ನನಗೂ ಇಷ್ಟವೇ, ಆದರೂ 5 ಸೆಕೆಂಡ್ ಸಾಕು.

2:10ಕ್ಕೆ ಹಿಟ್ಟು ಕಲಸುವಾಗ ಗೆರೆಯಲ್ಲಿ ಹೊಂಡ, 3:05ಕ್ಕೆ ಮಡಕೆಯಿಂದ ತೊಡದೇವು ಎಬ್ಬಿಸುವಾಗ ಗುಡ್ಡ. ಅಂದರೆ ಜನ ಹಿಟ್ಟನ್ನು ಹಾರಿಸಿ ಮಡಕೆಗೆ ಬಂದಿದ್ದಾರೆ. ಸಂಕಲನ ಮಾಡುವವರು ಹೊಂಡದ ತಳದಿಂದಲ್ಲ, ಇಳಿತ ಶುರುವಾಗುವುದಕ್ಕೆ ತುಸು ಮೊದಲಿನಿಂದಲೇ ಕತ್ತರಿಸಿ. ಮಡಕೆಯ ದೃಶ್ಯದ 6 ಸೆಕೆಂಡನ್ನು ಆರಂಭಕ್ಕೆ ತನ್ನಿ. ಉಳಿದೆಡೆಯ ನಿಧಾನ ಇಳಿಜಾರು ಸಹಜ, ಅದನ್ನು ಮುಟ್ಟಬೇಡಿ.

ಪ್ರಕಟವಾದ ವಿಡಿಯೊವನ್ನು ಯೂಟ್ಯೂಬ್‌ನಲ್ಲೇ ಕತ್ತರಿಸಬಹುದು, ಆದರೆ ದೃಶ್ಯಗಳನ್ನು ಹಿಂದುಮುಂದು ಮಾಡಲಾಗದು. ಹೊಸದಾಗಿ ಏರಿಸಿದರೆ ವೀಕ್ಷಣೆಯ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಏರಿಸೋಣವೇ, ಬೇಡವೇ? ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ.